ಇಲ್ಲವೆಂದು ಗೊತ್ತಿದ್ದರೂ ಹೆದರುವ ಮಗು

ಮಂಚದ ಕೆಳಗೆ ಏನಿದೆ ಎಂದು ಐದು ವರ್ಷದ ಮಗುವನ್ನು ಹಗಲಿನಲ್ಲಿ ಕೇಳಿ ನೋಡಿ. ಹಳೆಯ ಸೂಟ್‌ಕೇಸು, ಅಪ್ಪನ ಶೂ, ಕಳೆದವಾರ ಉರುಳಿಹೋದ ಚೆಂಡು ಎಂದು ಒಂದೊಂದನ್ನೇ ಎಣಿಸಿ ಹೇಳುತ್ತದೆ. ಬೇಕಾದರೆ ತಾನೇ ತೆವಳಿಕೊಂಡು ಹೋಗಿ ಚೆಂಡನ್ನು ಹೊರಗೆ ತರುತ್ತದೆ. ಅದೇ ಮಗು ರಾತ್ರಿ ದೀಪ ಆರಿದ ಮೇಲೆ ಮಂಚದಿಂದ ಒಂದು ಕಾಲನ್ನೂ ಕೆಳಗಿಡುವುದಿಲ್ಲ. ಅಲ್ಲಿ ಏನೋ ಇದೆ ಎನ್ನುತ್ತದೆ. ಏನೂ ಇಲ್ಲ ಎಂದು ಅಮ್ಮ ಹೇಳಿದರೆ ತಲೆಯಾಡಿಸಿ ಒಪ್ಪುತ್ತದೆ, ಒಪ್ಪಿದ ಮೇಲೂ ಅವಳ ಸೆರಗನ್ನು ಬಿಡುವುದಿಲ್ಲ.

ಹೆತ್ತವರಿಗೆ ಇಲ್ಲಿ ಗೊಂದಲವಾಗುತ್ತದೆ. ಇಷ್ಟು ಬುದ್ಧಿ ಇರುವ ಮಗುವಿಗೆ ಇಷ್ಟು ಸರಳವಾದ ಮಾತು ಏಕೆ ತಲೆಗೆ ಹೋಗುವುದಿಲ್ಲ ಎಂದುಕೊಳ್ಳುತ್ತಾರೆ. ಮಾತು ತಲೆಗೆ ಹೋಗಿರುತ್ತದೆ. ಆದರೆ ಕತ್ತಲೆಯ ಭಯ ಶುರುವಾಗುವುದು ತಿಳುವಳಿಕೆಯ ಕೊರತೆಯಿಂದಲ್ಲ. ಮೊದಲು ಮೈ ಎಚ್ಚರಗೊಳ್ಳುತ್ತದೆ, ಆಮೇಲೆ ಆ ಎಚ್ಚರಕ್ಕೆ ಕಾರಣವೇನೆಂದು ಮನಸ್ಸು ಹುಡುಕುತ್ತದೆ. ಮಗುವಿನ ಮನಸ್ಸಿಗೆ ಸಿಗುವ ಕಾರಣವೇ ಭೂತ. ಈ ಕ್ರಮ ಅರ್ಥವಾದರೆ ಭಯದ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ಅರ್ಥವಾಗುತ್ತದೆ.

ಮೈ ಎಚ್ಚರಗೊಳ್ಳುವುದನ್ನು ಅಳೆದು ನೋಡಿದ್ದಾರೆ. ಹಠಾತ್ತನೆ ದೊಡ್ಡ ಸದ್ದಾದಾಗ ನಾವು ಬೆಚ್ಚಿಬೀಳುತ್ತೇವೆ, ಕಣ್ಣು ತಾನಾಗಿ ಮಿಟುಕುತ್ತದೆ. ಆ ಮಿಟುಕು ಎಷ್ಟು ಜೋರಾಗಿದೆ ಎಂಬುದನ್ನು ಕಣ್ಣಿನ ಸುತ್ತಲಿನ ಸ್ನಾಯುವಿನಿಂದ ಅಳೆಯಬಹುದು. 1997ರಲ್ಲಿ ಅಮೆರಿಕದ ಸಂಶೋಧಕ ಕ್ರಿಸ್ಟಿಯನ್ ಗ್ರಿಲಾನ್ ಮತ್ತು ಜೊತೆಗಾರರು ದೊಡ್ಡವರನ್ನು ಬೆಳಕಿನಲ್ಲಿಯೂ ಕತ್ತಲೆಯಲ್ಲಿಯೂ ಕೂರಿಸಿ ಒಂದೇ ಬಗೆಯ ಸದ್ದನ್ನು ಕೇಳಿಸಿದರು. ಕತ್ತಲೆಯಲ್ಲಿ ಅವರು ಹೆಚ್ಚು ಜೋರಾಗಿ ಬೆಚ್ಚಿದರು. ಚಿಕ್ಕವರಿದ್ದಾಗ ಕತ್ತಲೆಗೆ ಹೆದರುತ್ತಿದ್ದೆವು ಎಂದವರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಇಲಿಗಳಲ್ಲಿ ಇದು ತಿರುವುಮುರುವು, ಅವು ಹೆಚ್ಚು ಬೆಚ್ಚುವುದು ಪ್ರಖರ ಬೆಳಕಿನಲ್ಲಿ. ರಾತ್ರಿ ತಿರುಗುವ ಇಲಿಗೆ ಬೆಳಕು ಅಪಾಯ, ಹಗಲಿನಲ್ಲಿ ಬದುಕುವ ಮನುಷ್ಯನಿಗೆ ಕತ್ತಲೆ ಅಪಾಯ. ದೀಪ ಆರಿದೊಡನೆ ಮಗುವಿನ ಮೈ ಒಂದು ಮೆಟ್ಟಿಲು ಹೆಚ್ಚು ಜಾಗೃತವಾಗುವುದು ಮನುಷ್ಯಜಾತಿಯ ಹಳೆಯ ರೂಢಿ. ಮಗುವಿನ ಹಟವೆಂದೋ ಪುಕ್ಕಲುತನವೆಂದೋ ಅದನ್ನು ಕರೆಯುವುದು ತಪ್ಪು.

ಹೀಗೆ ಜಾಗೃತವಾದ ಮಗುವಿಗೆ ಕಣ್ಣು ಕೊಡುವ ಸುದ್ದಿಯೂ ಅರೆಬರೆ. ನಮ್ಮ ಕಣ್ಣಿನ ಒಳಪದರದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಕಾಣಿಸುವವು ಶಂಕುಕೋಶಗಳು, ಮಬ್ಬಿನಲ್ಲಿ ಕೆಲಸ ಮಾಡುವವು ದಂಡಕೋಶಗಳು. ದೀಪ ಆರಿದ ಮೇಲೆ ದಂಡಕೋಶಗಳು ಪೂರ್ತಿಯಾಗಿ ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅವು ಬಣ್ಣ ಕಾಣಿಸುವುದಿಲ್ಲ, ಅಂಚುಗಳನ್ನು ಮಸುಕಾಗಿ ತೋರಿಸುತ್ತವೆ. ಇನ್ನೊಂದು ವಿಶೇಷವೆಂದರೆ, ನಾವು ಏನನ್ನಾದರೂ ನೇರವಾಗಿ ದಿಟ್ಟಿಸಿದಾಗ ಅದರ ಬಿಂಬ ಬೀಳುವ ನಟ್ಟನಡುವಿನ ಜಾಗದಲ್ಲಿ ದಂಡಕೋಶಗಳೇ ಇಲ್ಲ. ಆದ್ದರಿಂದ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಅಂಗಿ ಓರೆಗಣ್ಣಿಗೆ ಕಾಣುತ್ತದೆ, ನೇರವಾಗಿ ನೋಡಿದರೆ ಕರಗಿಹೋಗುತ್ತದೆ, ಕಣ್ಣು ಹೊರಳಿಸಿದರೆ ಮತ್ತೆ ಬಂದು ನಿಲ್ಲುತ್ತದೆ. "ನಾನು ನೋಡಿದರೆ ಅದು ಬಚ್ಚಿಟ್ಟುಕೊಳ್ಳುತ್ತೆ" ಎಂದು ಮಗು ಹೇಳುವಾಗ ಕಣ್ಣಿನ ನಿಜವಾದ ಅನುಭವವನ್ನೇ ಹೇಳುತ್ತಿರುತ್ತದೆ.

ಕದಲುವ ವಸ್ತುಗಳ ಕಥೆಯೂ ಹೀಗೆಯೇ. ಪೂರ್ತಿ ಕತ್ತಲೆಯಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಅದು ಅಲುಗಾಡಿದಂತೆ ಕಾಣುತ್ತದೆ. ಸುತ್ತ ಹೋಲಿಸಿ ನೋಡಲು ಗೋಡೆಯೋ ಕಿಟಕಿಯೋ ಕಾಣದಿದ್ದಾಗ, ಚುಕ್ಕೆ ನಿಂತಿದೆಯೋ ಓಡುತ್ತಿದೆಯೋ ಎಂದು ಮೆದುಳಿಗೆ ತೀರ್ಮಾನಿಸಲಾಗುವುದಿಲ್ಲ. ಸೊಳ್ಳೆ ಓಡಿಸುವ ಮಶೀನಿನ ಕೆಂಪು ದೀಪ ಮೂಲೆಯಲ್ಲಿ ಒಂಟಿಯಾಗಿ ಉರಿಯುವ ಕೋಣೆಯಲ್ಲಿ ದೊಡ್ಡವರೂ ಇದನ್ನು ನೋಡಬಹುದು. ಮುಖಗಳ ವಿಷಯದಲ್ಲಂತೂ ಮೆದುಳು ಇನ್ನೂ ಆತುರದ್ದು. ಎರಡು ಚುಕ್ಕೆ, ಕೆಳಗೊಂದು ಗೆರೆ ಇದ್ದರೆ ಸಾಕು, ಅದನ್ನು ಮುಖವೆಂದು ಓದಿಬಿಡುತ್ತದೆ. ಇಟಲಿಯ ಜೊವಾನಿ ಕಪೂಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಐವತ್ತು ಮಂದಿಯನ್ನು ಮಂಕುಬೆಳಕಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಹತ್ತು ನಿಮಿಷ ಕೂರಿಸಲಾಗಿತ್ತು. ಸುಮಾರು ಅರ್ಧದಷ್ಟು ಮಂದಿ ತಮ್ಮದೇ ಮುಖದ ಜಾಗದಲ್ಲಿ ವಿಕಾರ ಜೀವಿಗಳನ್ನು ಕಂಡೆವು ಎಂದರು. ಅವರು ಮಕ್ಕಳಲ್ಲ, ಕಾಯಿಲೆಯವರೂ ಅಲ್ಲ.

ಹಾಗಾದರೆ ದೊಡ್ಡವರು ಕಿರುಚದೆ ಮಲಗುತ್ತಾರೆ, ಮಗು ಏಕೆ ಮಲಗುವುದಿಲ್ಲ? ಇಲ್ಲಿ ಕಲ್ಪನೆಯ ಶಕ್ತಿ ನಡುವೆ ಬರುತ್ತದೆ. ಆರು ತಿಂಗಳ ಕೂಸಿಗೆ ಕತ್ತಲೆಯ ಭಯವಿಲ್ಲ. ಎರಡು ಮೂರು ವರ್ಷದ ಹೊತ್ತಿಗೆ, ಎದುರಿಗೆ ಇಲ್ಲದ್ದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಸಾಮರ್ಥ್ಯ ಬರುತ್ತದೆ. ಬೆಂಕಿಪೊಟ್ಟಣವನ್ನು ಬಸ್ಸು ಮಾಡಿ ಆಡುವ ವಯಸ್ಸಿನಲ್ಲಿಯೇ ಮಂಚದ ಕೆಳಗಿನ ಭೂತವೂ ಹುಟ್ಟುತ್ತದೆ. ಇವೆರಡೂ ಒಂದೇ ಶಕ್ತಿಯ ಕೆಲಸ. ಆದರೆ ತಾನೇ ಕಲ್ಪಿಸಿಕೊಂಡದ್ದು ತನ್ನ ಭಾವನೆಯನ್ನು ಹಿಡಿದು ಅಲುಗಾಡಿಸಿದಾಗ ಅದನ್ನು ಬದಿಗೆ ಸರಿಸುವ ಶಕ್ತಿ ಬರಲು ಇನ್ನೂ ಹಲವು ವರ್ಷ ಬೇಕು.

ಇದನ್ನು ತೋರಿಸುವ ಸೊಗಸಾದ ಪ್ರಯೋಗವೊಂದನ್ನು ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಎರಡು ಪೆಟ್ಟಿಗೆ ತೋರಿಸಿದರು. ಎರಡೂ ಖಾಲಿ ಎಂಬುದನ್ನು ಮಕ್ಕಳೇ ನೋಡಿ ಖಚಿತಪಡಿಸಿಕೊಂಡರು. ಆಮೇಲೆ ಒಂದು ಪೆಟ್ಟಿಗೆಯೊಳಗೆ ಮುದ್ದಾದ ಮೊಲವಿದೆ ಎಂದು ಕೆಲವರಿಗೂ, ಕಚ್ಚಲು ಕಾದಿರುವ ಕೆಟ್ಟ ಪ್ರಾಣಿಯಿದೆ ಎಂದು ಇನ್ನು ಕೆಲವರಿಗೂ ಸುಮ್ಮನೆ ಕಲ್ಪಿಸಿಕೊಳ್ಳಲು ಹೇಳಿದರು. ಅದು ನಿಜವಾಗಿ ಇದೆಯೇ ಎಂದು ಕೇಳಿದರೆ ಇಲ್ಲ, ಇದು ಆಟ ಎಂದೇ ಮಕ್ಕಳು ಉತ್ತರಿಸಿದರು. ಪ್ರಯೋಗ ನಡೆಸುವವರು ಸ್ವಲ್ಪ ಹೊತ್ತು ಹೊರಗೆ ಹೋಗಿಬರುತ್ತೇವೆ ಎಂದಾಗ ಮಾತ್ರ ಚಿತ್ರ ಬದಲಾಯಿತು. ಕೆಟ್ಟ ಪ್ರಾಣಿಯನ್ನು ಕಲ್ಪಿಸಿಕೊಂಡಿದ್ದ ಕೆಲವು ನಾಲ್ಕು ವರ್ಷದ ಮಕ್ಕಳು ಒಬ್ಬರೇ ಉಳಿಯಲು ಹೆದರಿದರು. ಉಳಿದ ಅನೇಕರು ಒಂಟಿಯಾದಾಗ ಅದೇ ಪೆಟ್ಟಿಗೆಯ ಬಳಿ ಹೋಗಿ ಮುಟ್ಟಿದರು, ತೆರೆದು ನೋಡಿದರು. ಒಳಗೆ ನಿಜವಾಗಿಯೂ ಇರಬಹುದೇನೋ ಎನಿಸಿತು ಎಂದು ಆಮೇಲೆ ಒಪ್ಪಿಕೊಂಡರು. ಖಾಲಿ ಎಂಬ ತಿಳುವಳಿಕೆಯೂ ಇರಬಹುದೇನೋ ಎಂಬ ಅನುಮಾನವೂ ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲಿ ಇದ್ದವು. ಹಿರಿಯರು ಕೋಣೆಯಲ್ಲಿ ಇರುವವರೆಗೆ ತಿಳುವಳಿಕೆ ಗೆದ್ದಿತು, ಅವರು ಹೊರಟಾಗ ಅನುಮಾನ ಗೆದ್ದಿತು. ಮಲಗುವ ಹೊತ್ತಿನಲ್ಲಿ ಆಗುವುದೂ ಇದೇ. ಆಟ ಮುಗಿದಿದೆ, ಮಾತು ನಿಂತಿದೆ, ನೋಡಲು ಏನೂ ಇಲ್ಲ, ಅಮ್ಮ ಎದ್ದು ಹೋಗುತ್ತಿದ್ದಾಳೆ.

ನಮ್ಮ ಬಹಳಷ್ಟು ಮನೆಗಳಲ್ಲಿ ಮಗು ಅಪ್ಪ ಅಮ್ಮನ ಪಕ್ಕದಲ್ಲಿಯೋ ಅಜ್ಜಿಯ ಜೊತೆಗೋ ಮಲಗುತ್ತದೆ. ಹಾಗಾಗಿ ಹಾಸಿಗೆಯಲ್ಲಿ ಭಯ ಅಷ್ಟಾಗಿ ಕಾಣುವುದಿಲ್ಲ. ಅದು ಕಾಣುವುದು ಬಚ್ಚಲಿಗೆ ಹೋಗುವಾಗ, ಅಡುಗೆಮನೆಯಿಂದ ನೀರು ತರಲು ಹೇಳಿದಾಗ, ಕರೆಂಟ್ ಹೋದಾಗ. ಐದಾರು ವರ್ಷವಾದ ಮೇಲೆ ಮಗುವಿಗೆ ಬೇರೆ ಕೋಣೆ ಮಾಡಿಕೊಟ್ಟ ಮನೆಗಳಲ್ಲಿ ಅದು ಒಮ್ಮೆಲೇ ಹಾಸಿಗೆಗೆ ಬರುತ್ತದೆ. ಆ ಬದಲಾವಣೆ ಬೀಳುವುದು ಭಯ ಏರುವ ವಯಸ್ಸಿನಲ್ಲಿಯೇ. ನೆದರ್ಲೆಂಡ್ಸಿನಲ್ಲಿ ಪೀಟರ್ ಮ್ಯೂರಿಸ್ ಮತ್ತು ಸಂಗಡಿಗರು ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳನ್ನು ಮಾತನಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 73ರಷ್ಟು ಮಕ್ಕಳು ರಾತ್ರಿಯ ಭಯವಿದೆ ಎಂದಿದ್ದರು. ಏಳರಿಂದ ಒಂಬತ್ತು ವರ್ಷದವರಲ್ಲಿ ಅದು ಅತಿ ಹೆಚ್ಚು. ಹೆತ್ತವರು ಅಂದಾಜು ಮಾಡಿದ್ದಕ್ಕಿಂತ ಮಕ್ಕಳೇ ಹೇಳಿದ ಭಯ ಹೆಚ್ಚಿತ್ತು. ಶಾಲೆಗೆ ಹೋಗುವ ಮಗು ಭಯವನ್ನು ಬಿಡುವ ಮೊದಲು ಅದನ್ನು ಮುಚ್ಚಿಡಲು ಕಲಿಯುತ್ತದೆ.

ಭಯಕ್ಕೆ ರೂಪ ಕೊಡುವವರಲ್ಲಿ ಮನೆಯವರೂ ಇದ್ದಾರೆ. ಊಟ ಮಾಡದ ಮಗುವಿಗೆ ಗುಮ್ಮನನ್ನು ಕರೆಯುವುದು ನಮ್ಮಲ್ಲಿ ತಲೆಮಾರುಗಳ ಅಭ್ಯಾಸ. ತಾಯಿ ಗುಮ್ಮನನ್ನು ಕರೆಯದಿರಲಿ ಎಂದು ಬಾಲಕೃಷ್ಣ ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆ ಮನೆಮನೆಗೂ ಗೊತ್ತು. ಹಗಲಿನಲ್ಲಿ ತುತ್ತು ನುಂಗಿಸಿದ ಗುಮ್ಮ ಹಗಲಿನಲ್ಲಿಯೇ ಹೊರಟುಹೋಗುವುದಿಲ್ಲ. ರಾತ್ರಿ ಮೈ ತಾನಾಗಿ ಎಚ್ಚರಗೊಂಡು ಕಾರಣ ಹುಡುಕುವಾಗ ಅವನೇ ಸಿದ್ಧವಾಗಿ ಸಿಗುತ್ತಾನೆ. ಅದೂ ಅಮ್ಮನ ಬಾಯಿಂದಲೇ ಬಂದವನು. ಗುಮ್ಮ ಬರುತ್ತಾನೆ ಎಂದು ಮಧ್ಯಾಹ್ನ ಹೇಳಿದವರೇ ಗುಮ್ಮ ಇಲ್ಲ ಎಂದು ರಾತ್ರಿ ಹೇಳಿದರೆ ಮಗು ಯಾವುದನ್ನು ನಂಬಬೇಕು? ದೊಡ್ಡ ಮಕ್ಕಳ ಜೊತೆ ಕೂತು ಮೊಬೈಲಿನಲ್ಲಿ ನೋಡಿದ ದೆವ್ವದ ವಿಡಿಯೋಗಳೂ ಇದೇ ಕೆಲಸ ಮಾಡುತ್ತವೆ.

ಇದೆಲ್ಲ ಭಯ ಹುಟ್ಟುವ ಬಗೆ. ಅದು ಉಳಿದುಕೊಳ್ಳುವ ಬಗೆ ಬೇರೆ. ಭಯವಾದಾಗ ಮಗು ಓಡಿಬರುತ್ತದೆ, ಅಮ್ಮ ದೀಪ ಹಾಕುತ್ತಾಳೆ, ಎದೆಬಡಿತ ಇಳಿಯುತ್ತದೆ. ಓಡಿಬಂದದ್ದರಿಂದಲೇ ತಾನು ಉಳಿದೆ ಎಂಬ ಪಾಠವನ್ನು ಮೈ ಕಲಿಯುತ್ತದೆ. ಅಲ್ಲಿಯೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೂ ಎದೆಬಡಿತ ತಾನಾಗಿ ಇಳಿಯುತ್ತಿತ್ತು ಎಂಬುದನ್ನು ಕಲಿಯುವ ಅವಕಾಶ ಮಗುವಿಗೆ ಸಿಗುವುದೇ ಇಲ್ಲ. ಪ್ರತಿ ರಾತ್ರಿ ಮಂಚದ ಕೆಳಗೆ ಟಾರ್ಚ್ ಬಿಟ್ಟು ಭೂತವನ್ನು ಹುಡುಕುವ ಅಪ್ಪನೂ ತಿಳಿಯದೆ ಇದೇ ತಪ್ಪು ಮಾಡುತ್ತಾನೆ. ಇಲ್ಲದ್ದನ್ನು ದೊಡ್ಡವರು ದಿನಾ ಏಕೆ ಹುಡುಕುತ್ತಾರೆ? ಇವತ್ತು ಇಲ್ಲ ಎಂದರೆ ನಾಳೆ ಇರಬಹುದು ಎಂದೇ ಮಗುವಿನ ಲೆಕ್ಕ. ಧೈರ್ಯ ಬರಲಿ ಎಂದು ಕತ್ತಲೆಕೋಣೆಯಲ್ಲಿ ಕೂಡಿಹಾಕುವುದು ಇನ್ನೊಂದು ತುದಿಯ ತಪ್ಪು. ಅಲ್ಲಿ ಮಗು ಕಲಿಯುವುದು ಕತ್ತಲೆಯೆಂದರೆ ಶಿಕ್ಷೆ ಎಂಬುದನ್ನು ಮಾತ್ರ.

ಈ ಎರಡರ ನಡುವಿನ ದಾರಿ ಎಂದರೆ ಮಗು ತಾಳಬಲ್ಲಷ್ಟು ಕತ್ತಲೆಯಲ್ಲಿ, ತಾಳಬಲ್ಲಷ್ಟು ಹೊತ್ತು, ತಾನಾಗಿ ಒಪ್ಪಿ ನಿಲ್ಲುವುದು ಮತ್ತು ಅದನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗುವುದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಆರು ವರ್ಷದ ಹುಡುಗಿ, ಎರಡನೆಯ ಮಗ್ಗಿ ಕಲಿಯುತ್ತಿರುವವಳು. ಸಂಜೆಯಾದ ಮೇಲೆ ಹಜಾರ ದಾಟಿ ಬಚ್ಚಲಿಗೆ ಒಬ್ಬಳೇ ಹೋಗುವುದಿಲ್ಲ. ಪ್ರತಿಸಲ ಅಮ್ಮ ಜೊತೆಗೆ ಬರಬೇಕು, ಎಲ್ಲ ದೀಪ ಹಾಕಬೇಕು, ಬಾಗಿಲ ಹಿಂದೆ ನೋಡಬೇಕು.

ಮೊದಲ ಕೆಲಸವೆಂದರೆ ಅವಳ ಬಾಯಿಂದಲೇ ಭಯದ ಅಳತೆ ತೆಗೆಯುವುದು. ಸೊನ್ನೆ ಎಂದರೆ ಸ್ವಲ್ಪವೂ ಭಯವಿಲ್ಲ, ಹತ್ತು ಎಂದರೆ ತಡೆಯಲಾರದಷ್ಟು. ಅಮ್ಮ ಬಾಗಿಲಲ್ಲಿ ನಿಂತು ಮಾತನಾಡುತ್ತಿದ್ದರೆ ಬಚ್ಚಲಿಗೆ ಹೋಗುವುದು ಮೂರು, ಅಮ್ಮ ಕಾಣದೆ ಧ್ವನಿ ಮಾತ್ರ ಕೇಳಿಸುತ್ತಿದ್ದರೆ ಐದು, ಮಾತೂ ಇಲ್ಲದಿದ್ದರೆ ಏಳು, ಹಜಾರದ ದೀಪ ಆರಿಸಿದ್ದರೆ ಒಂಬತ್ತು ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಏಣಿ ಅವಳೇ ಕಟ್ಟಿಕೊಟ್ಟಳು. ಅಭ್ಯಾಸ ನಡೆಯಬೇಕಾದದ್ದು ಮಲಗುವ ಹೊತ್ತಿನಲ್ಲಲ್ಲ, ಸಂಜೆ ಊಟಕ್ಕೆ ಮೊದಲು, ದಿನಕ್ಕೆ ಹತ್ತು ನಿಮಿಷ, ಆಟದ ಹಾಗೆ. ಮೊದಲೆರಡು ದಿನ ಪರದೆ ಎಳೆದ ಕೋಣೆಯಲ್ಲಿ ಅಮ್ಮನ ಜೊತೆಯೇ ಟಾರ್ಚ್ ಹಿಡಿದು ಬಚ್ಚಿಟ್ಟ ಬೊಂಬೆ ಹುಡುಕುವುದು. ಆಮೇಲೆ ಮೂರರ ಮೆಟ್ಟಿಲು. ಅದು ಒಂದಕ್ಕೆ ಇಳಿಯುವವರೆಗೆ ಅಲ್ಲಿಯೇ ಮತ್ತೆ ಮತ್ತೆ. ಬಳಿಕ ಐದರ ಮೆಟ್ಟಿಲು. ಅಲ್ಲಿ ಅಮ್ಮ ಹಾಸಿಗೆಯ ಮೇಲೆ ಕೂತು ಲೆಕ್ಕ ಹೇಳುತ್ತಾಳೆ, ಮಗಳು ಬಚ್ಚಲಿನಿಂದ ಉತ್ತರ ಕೊಡುತ್ತಾಳೆ. ಮುಂದೆ ಮಾತು ನಿಲ್ಲುತ್ತದೆ. ಕೊನೆಗೆ ಆರಿಸಿದ ಹಜಾರದಲ್ಲಿ ನಿಧಾನವಾಗಿ ಹತ್ತು ಎಣಿಸುವಷ್ಟು, ಆಮೇಲೆ ಮೂವತ್ತು, ಆಮೇಲೆ ಅರವತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು.

ಏಳರ ಮೆಟ್ಟಿಲಿನಲ್ಲಿ ಅವಳು ಕಿರುಚಿಕೊಂಡು ಓಡಿಬರಬಹುದು. ಬಯ್ಯುವುದೂ ಬೇಡ, ಇವತ್ತಿಗೆ ಸಾಕು ಎಂದು ಆಗಲೇ ನಿಲ್ಲಿಸುವುದೂ ಬೇಡ. ಭಯ ತುದಿಯಲ್ಲಿರುವಾಗ ನಿಲ್ಲಿಸಿದರೆ ಓಟವೇ ಪಾಠವಾಗುತ್ತದೆ. ಅವಳ ಕೈ ಹಿಡಿದು ಅರ್ಧದಾರಿಯವರೆಗೆ ಹೋಗಿ, ಉಸಿರು ಸರಿಯಾಗುವವರೆಗೆ ಅಲ್ಲಿ ಜೊತೆಗೆ ನಿಂತು, ಈಗ ಎಷ್ಟು ಎಂದು ಕೇಳಿ, ಅಂಕಿ ಇಳಿದ ಮೇಲೆ ಆಟ ಮುಗಿಸಬೇಕು. ಮರುದಿನ ಐದು ಮತ್ತು ಏಳರ ನಡುವೆ ಒಂದು ಚಿಕ್ಕ ಮೆಟ್ಟಿಲು ಸೇರಿಸಬೇಕು, ಉದಾಹರಣೆಗೆ ಅಮ್ಮ ಮಾತಿನ ಬದಲು ಆಗಾಗ ಒಂದು ಚಪ್ಪಾಳೆ ತಟ್ಟುವುದು. ಜ್ವರ ಬಂದು ಹೋದ ಮೇಲೆ, ಅಜ್ಜಿಯ ಊರಿನಿಂದ ವಾಪಸಾದ ಮೇಲೆ ಭಯ ಮರಳಬಹುದು. ಆಗ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿದರೆ ಸಾಕು, ಮೊದಲಿನಿಂದ ಶುರುಮಾಡಬೇಕಿಲ್ಲ. ಹೊರಡುವ ಮುಂಚೆಯೇ ಅವಳು ಹೇಳುವ ಅಂಕಿ ಕಡಿಮೆಯಾಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ.

ಈ ಹೊತ್ತಿನಲ್ಲಿ ಮಗುವಿನ ಬಾಯಲ್ಲಿ ಯಾವ ಮಾತಿರಬೇಕು ಎಂಬುದಕ್ಕೂ ಒಂದು ಹಳೆಯ ಪ್ರಯೋಗ ಉತ್ತರ ಕೊಟ್ಟಿದೆ. 1975ರಲ್ಲಿ ಫ್ರೆಡರಿಕ್ ಕ್ಯಾನ್ಫರ್ ಮತ್ತು ಸಂಗಡಿಗರು ಕತ್ತಲೆಗೆ ಹೆದರುವ ಐದಾರು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ತಾನು ಧೈರ್ಯಶಾಲಿ, ಕತ್ತಲೆಯಲ್ಲಿ ತನ್ನನ್ನು ತಾನು ನೋಡಿಕೊಳ್ಳಬಲ್ಲೆ ಎನ್ನುವ ಮಾತನ್ನು ಒಂದು ಗುಂಪಿಗೆ ಕಲಿಸಿದರು. ಕತ್ತಲೆ ಒಳ್ಳೆಯ ಜಾಗ ಎನ್ನುವ ಮಾತನ್ನು ಇನ್ನೊಂದಕ್ಕೆ, ಒಂದು ಶಿಶುಗೀತೆಯನ್ನು ಮೂರನೆಯದಕ್ಕೆ ಕಲಿಸಿದರು. ಅತಿ ಹೆಚ್ಚು ಹೊತ್ತು ಕತ್ತಲೆಯಲ್ಲಿ ಉಳಿದವರು ತಮ್ಮ ಸಾಮರ್ಥ್ಯದ ಮಾತು ಕಲಿತವರು. ಕತ್ತಲೆ ಹೇಗಿದೆ ಎಂದು ವಾದಿಸುವುದಕ್ಕಿಂತ ತಾನು ಏನು ಮಾಡಬಲ್ಲೆ ಎಂಬುದು ಮಗುವಿಗೆ ಹೆಚ್ಚು ಉಪಯೋಗಕ್ಕೆ ಬಂತು.

ವಯಸ್ಸಿಗೆ ತಕ್ಕಂತೆ ದಾರಿ ಸ್ವಲ್ಪ ಬದಲಾಗುತ್ತದೆ. ಏಳು ದಾಟಿದ ಮಗುವಿಗೆ ಅಂಗಿ ಏಕೆ ಕರಗಿದಂತೆ ಕಾಣುತ್ತದೆ ಎಂದು ವಿವರಿಸಬಹುದು. ಜೊತೆಗೆ ಕೂತು ಪ್ರಯೋಗ ಮಾಡಿ ತೋರಿಸಲೂಬಹುದು. ನಾಲ್ಕು ವರ್ಷದ ಮಗುವಿಗೆ ವಿವರಣೆ ಅಷ್ಟು ದಕ್ಕುವುದಿಲ್ಲ, ಕಲ್ಪನೆಯನ್ನು ಕಲ್ಪನೆಯಿಂದಲೇ ಮಣಿಸುವುದು ಅದಕ್ಕೆ ಸುಲಭ. ಟೆಲ್ ಅವೀವ್ ವಿಶ್ವವಿದ್ಯಾಲಯದ ಅವಿ ಸಾದೆ ಮತ್ತು ಯೊನಾಟನ್ ಕುಶ್ನೀರ್, ರಾತ್ರಿಯ ಭಯ ತೀವ್ರವಾಗಿದ್ದ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಬೊಂಬೆ ನಾಯಿಮರಿ ಕೊಟ್ಟರು. ಇದು ನಿನ್ನನ್ನು ಕಾಯುತ್ತದೆ ಎಂದು ಕೆಲವರಿಗೆ, ಇದಕ್ಕೇ ಭಯ, ನೀನು ಇದನ್ನು ನೋಡಿಕೊಳ್ಳಬೇಕು ಎಂದು ಉಳಿದವರಿಗೆ ಹೇಳಿದರು. ಎರಡು ಗುಂಪಿನಲ್ಲಿಯೂ ಭಯ ಇಳಿಯಿತು. ಮನೆಯಲ್ಲಿರುವ ಯಾವ ಬೊಂಬೆಯಾದರೂ ಈ ಕೆಲಸಕ್ಕೆ ಸಾಕು. ಸಣ್ಣ ರಾತ್ರಿದೀಪ ಇಟ್ಟರೂ ತಪ್ಪಿಲ್ಲ. ಅದು ಮಂಕಾಗಿರಲಿ, ಕಣ್ಣಿಗೆ ನೇರ ಬೀಳದಿರಲಿ. ಮಲಗುವ ಮುಂಚಿನ ಪ್ರಖರ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ಚಿಕ್ಕ ಮಕ್ಕಳಲ್ಲಿ ಬಲವಾಗಿ ತಗ್ಗಿಸುತ್ತದೆ.

ಎಲ್ಲ ರಾತ್ರಿಯ ಕಿರುಚಾಟವೂ ಕತ್ತಲೆಯ ಭಯವಲ್ಲ. ಮಲಗಿದ ಒಂದೆರಡು ಗಂಟೆಯೊಳಗೆ ಮಗು ಎದ್ದು ಕೂತು ಚೀರಿ, ನಿಮ್ಮನ್ನು ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಗಾಢನಿದ್ದೆಯ ನಡುವೆ ಬರುವ ನಿದ್ರಾಭೀತಿ. ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ಸಾಕು. ಬೆಳಗಿನ ಜಾವ ಎದ್ದು ಕನಸನ್ನು ವಿವರಿಸಿ ಅಳುವುದು ದುಃಸ್ವಪ್ನ, ಅದಕ್ಕೆ ಮಡಿಲು ಬೇಕು. ಮುಸ್ಸಂಜೆಯಲ್ಲಿ ಮಗು ತಡವರಿಸಿ ನಡೆಯುತ್ತಿದ್ದರೆ, ಬೆಳಕು ಕಡಿಮೆಯಾದೊಡನೆ ಎಡವುತ್ತಿದ್ದರೆ ಇರುಳುಗುರುಡಿನ ಅನುಮಾನ ಬರಬೇಕು. ವಿಟಮಿನ್ ಎ ಕೊರತೆ ಅದಕ್ಕೆ ಒಂದು ಕಾರಣ, ಕಣ್ಣಿನ ವೈದ್ಯರಿಗೆ ತೋರಿಸಬೇಕು. ಧೈರ್ಯವಾಗಿದ್ದ ಮಗು ಇದ್ದಕ್ಕಿದ್ದಂತೆ ಒಂದು ಕೋಣೆಗೋ ಒಬ್ಬ ವ್ಯಕ್ತಿಗೋ ಹೆದರತೊಡಗಿದರೆ ಅದನ್ನು ಭೂತದ ಲೆಕ್ಕಕ್ಕೆ ಹಾಕಿ ಸುಮ್ಮನಾಗಬಾರದು. ಏನಾಯಿತು ಎಂದು ಸಮಾಧಾನದಿಂದ ಕೇಳಬೇಕು, ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಭಯ ಆರು ತಿಂಗಳು ಕಳೆದರೂ ಇಳಿಯದೆ ನಿದ್ದೆಗೂ ಶಾಲೆಗೂ ಅಡ್ಡಬರುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಉಳಿದ ಮಕ್ಕಳೆಲ್ಲರ ವಿಷಯದಲ್ಲಿ ಹೆತ್ತವರಲ್ಲಿ ನನ್ನ ಕೋರಿಕೆ ಎರಡೇ. ಊಟ ಮಾಡಿಸಲು ಗುಮ್ಮನನ್ನು ಕರೆಯುವುದನ್ನು ಇವತ್ತೇ ನಿಲ್ಲಿಸಿ. ಮಗು ಹೆದರಿದಾಗ ಭೂತ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯದೆ, ಭಯ ಎಷ್ಟಿದೆ ಎಂದು ಕೇಳಿ, ಮುಂದಿನ ಚಿಕ್ಕ ಮೆಟ್ಟಿಲನ್ನು ಮಗುವಿನ ಜೊತೆಗೆ ಹತ್ತಿ.